ಡಬಲ್ ಎಕ್ಸ್‌ಎಲ್ ಕುರ್ತಾ ಯಾಕೆ ತಿರುಗಿ ಬಂತು?

ಡೊಂಬಿವಲಿಯ ನಮ್ಮ ಸೊಸೈಟಿಯ ಮೂರನೇ ಮಹಡಿಯಲ್ಲಿ ಬಾಗಲಕೋಟೆ ಕಡೆಯ ವೈನಿಯೊಬ್ಬರಿದ್ದಾರೆ. ಗುಳೇದಗುಡ್ಡದಿಂದ ಖಣ ತರಿಸಿ, ಉಲ್ಲಾಸನಗರದಲ್ಲಿ ಕುರ್ತಾ ಹೊಲಿಸಿ, ಆನ್‌ಲೈನಿನಲ್ಲಿ ಮಾರುತ್ತಾರೆ. ಜೊತೆಗೆ ಇಳಕಲ್ ಸೀರೆ, ಖಣದ ಕೈಚೀಲ, ದುಪಟ್ಟಾ. ಹಾಲ್‌ನಲ್ಲಿದ್ದ ದಿವಾನ ಹೊರಗೆ ಹೋಗಿ ಆ ಜಾಗಕ್ಕೆ ಕಬ್ಬಿಣದ ರ‍್ಯಾಕು ಬಂದು ಎರಡು ವರ್ಷವಾಯಿತು. ಭಿವಂಡಿಯ ಗೋದಾಮಿನಲ್ಲಿ ನಾನು ರಿಟರ್ನ್ಸ್ ವಿಭಾಗ ನೋಡಿಕೊಳ್ಳುವುದು ಅವರಿಗೆ ಗೊತ್ತು. ಏಪ್ರಿಲ್ ಕೊನೆಯ ಒಂದು ಭಾನುವಾರ ಚಹಾಕ್ಕೆ ಕರೆದರು. ಬಾಗಿಲಲ್ಲೇ ಹನ್ನೆರಡು ಪೆಟ್ಟಿಗೆ ಒಟ್ಟಿದ್ದವು. ಎಲ್ಲವೂ ಹೋಗಿ ತಿರುಗಿ ಬಂದವು.

‘ಅಲ್ರೀ, ಐದು ಕಳಿಸಿದ್ರ ಒಂದು ತಿರುಗಿ ಮನಿಗೇ ಬರ್ತದ. ಅರಿವಿ ಕೆಟ್ಟೈತೋ, ಜನ ಕೆಟ್ಟಾರೋ, ಹೇಳ್ರಿ ನೋಡೋಣ’ ಅಂದರು.

ಎರಡೂ ಅಲ್ಲ ಎಂದು ಆವತ್ತೇ ಹೇಳುವಷ್ಟು ಧೈರ್ಯ ನನಗಿರಲಿಲ್ಲ. ಲ್ಯಾಪ್‌ಟಾಪ್ ತೆಗೆದು ಕುಳಿತೆವು. ಮಾರಾಟದ ತಾಣದಿಂದ ಇಳಿಸಿಕೊಳ್ಳುವ ಆರ್ಡರ್ ಶೀಟು ಮತ್ತು ರಿಟರ್ನ್ ಶೀಟು, ಇವೆರಡನ್ನು ಆರ್ಡರ್ ನಂಬರಿನ ಮೇಲೆ ಜೋಡಿಸಿದರೆ ಬೇಕಾದ ಎಲ್ಲವೂ ಅಲ್ಲೇ ಇರುತ್ತದೆ. ಮಾರುವವರಲ್ಲಿ ಹೆಚ್ಚಿನವರು ಅದನ್ನು ಜೋಡಿಸುವುದೇ ಇಲ್ಲ, ತಾಣದ ಪುಟದ ಮೇಲ್ಗಡೆ ಕಾಣುವ ಒಂದು ಶೇಕಡಾ ಅಂಕಿ ನೋಡಿ ಎದೆ ಒಡೆದುಕೊಳ್ಳುತ್ತಾರೆ.

ಜನವರಿಯಿಂದ ಮಾರ್ಚ್‌ವರೆಗೆ ವೈನಿ ಕಳಿಸಿದ್ದು 1,200 ಪೆಟ್ಟಿಗೆ. ತಿರುಗಿ ಬಂದದ್ದು 264. ಅಂದರೆ ಶೇಕಡಾ 22. ಏಪ್ರಿಲ್ ತಿಂಗಳನ್ನು ಬೇಕೆಂದೇ ಬಿಟ್ಟೆ. ಆ ತಿಂಗಳ ಮಾಲು ಇನ್ನೂ ಗಿರಾಕಿಗಳ ಮನೆಯಲ್ಲಿದೆ, ಹಿಂದಿರುಗಿಸುವ ಅವಧಿ ಮುಗಿದಿಲ್ಲ. ಇಲ್ಲಿ ಬಹಳ ಜನ ಎಡವುತ್ತಾರೆ. ಈ ತಿಂಗಳು ಬಂದ ರಿಟರ್ನನ್ನು ಈ ತಿಂಗಳ ಮಾರಾಟದಿಂದ ಭಾಗಿಸುತ್ತಾರೆ. ದೀಪಾವಳಿ ತಿಂಗಳಲ್ಲಿ ಮಾರಾಟ ಏರಿದಾಗ ರಿಟರ್ನ್ ಇಳಿದಂತೆ ಕಂಡು ಖುಷಿಪಡುತ್ತಾರೆ. ಮುಂದಿನ ತಿಂಗಳು ಮಾರಾಟ ಬಿದ್ದು, ಹಬ್ಬದ ಮಾಲು ತಿರುಗಿ ಬಂದಾಗ ಗಾಬರಿಯಾಗುತ್ತಾರೆ. ಯಾವ ಪೆಟ್ಟಿಗೆ ಹೊರಟಿತೋ ಅದೇ ಪೆಟ್ಟಿಗೆ ತಿರುಗಿ ಬಂತೇ ಎಂದು ಕೇಳಬೇಕು. ಲೆಕ್ಕ ಹೊರಟ ದಿನದ್ದಿರಬೇಕು, ಬಂದ ದಿನದ್ದಲ್ಲ.

ಆ 264ರಲ್ಲಿ 96 ಪೆಟ್ಟಿಗೆಗಳನ್ನು ಯಾರೂ ತೆರೆದೇ ಇರಲಿಲ್ಲ. ಗಿರಾಕಿ ಮನೆಯಲ್ಲಿಲ್ಲ, ಫೋನ್ ಎತ್ತಲಿಲ್ಲ, ಕ್ಯಾಶ್ ಆನ್ ಡೆಲಿವರಿಗೆ ದುಡ್ಡಿಲ್ಲವೆಂದರು. ನಮ್ಮ ಗೋದಾಮಿನ ಭಾಷೆಯಲ್ಲಿ ಇದು ಆರ್‌ಟಿಒ. ಇದರ ಖರ್ಚು ನಿಜವೇ, ಮದ್ದೂ ಬೇರೆ ಇದೆ, ಆದರೆ ಕುರ್ತಾದ ಬಗ್ಗೆ ಇದು ಏನನ್ನೂ ಹೇಳುವುದಿಲ್ಲ. ಬಟ್ಟೆ ನೋಡದವನು ಬಟ್ಟೆ ಬೇಡವೆಂದದ್ದಲ್ಲವಲ್ಲ. ಅದನ್ನು ತೆಗೆದಿಟ್ಟರೆ ಗಿರಾಕಿಯ ಕೈಸೇರಿದ್ದು 1,104, ತೆರೆದು ನೋಡಿ ವಾಪಸ್ ಮಾಡಿದ್ದು 168. ಶೇಕಡಾ 15ರ ಆಸುಪಾಸು.

ಈ ಅಂಕಿಯೂ ಯಾವ ಕೆಲಸಕ್ಕೂ ಬಾರದು. ಬಗೆವಾರು ಒಡೆದಾಗಲೇ ಅದು ಮಾತಾಡತೊಡಗಿದ್ದು. ಚೀಲ, ದುಪಟ್ಟಾಗಳಲ್ಲಿ 240 ಹೋಗಿ 6 ಬಂದಿದ್ದವು. ಇಳಕಲ್ ಸೀರೆಯಲ್ಲಿ 384 ಹೋಗಿ 42 ಬಂದಿದ್ದವು. ಕುರ್ತಾದಲ್ಲಿ 480 ಹೋಗಿ 120. ಅಂದರೆ ನಾಲ್ಕಕ್ಕೆ ಒಂದು.

‘ಹಂಗಾರ ಕುರ್ತಾ ಬಂದ್ ಮಾಡಬೇಕೇನ್ರಿ?’ ಎಂದರು ವೈನಿ. ಇನ್ನೊಂದು ಮೆಟ್ಟಿಲು ಇಳಿಯೋಣ ಎಂದೆ.

ವೈನಿಯ ಕುರ್ತಾದಲ್ಲಿ ಹನ್ನೆರಡು ಬಣ್ಣ, ಐದು ಸೈಜು. ಒಂದೊಂದು ಬಣ್ಣದ ಒಂದೊಂದು ಸೈಜನ್ನು ಬೇರೆ ಬೇರೆ ನೋಡಿದರೆ ಕೆಲವು ಕಡೆ ಮೂರೋ ನಾಲ್ಕೋ ಪೀಸು ಮಾತ್ರ ಸಿಗುತ್ತದೆ. ಮೂರರಲ್ಲಿ ಎರಡು ತಿರುಗಿ ಬಂದರೆ ಶೇಕಡಾ 67 ಎಂದು ಶೀಟು ಕೆಂಪಾಗಿ ಕೂಗುತ್ತದೆ, ಅದು ಬರೀ ಕಾಕತಾಳೀಯವಿರಬಹುದು. ಆದರೆ ಬಣ್ಣ ಹನ್ನೆರಡಾದರೂ ಕಟಿಂಗಿನ ಪ್ಯಾಟರ್ನ್ ಒಂದೇ, ಮಾಸ್ಟರ್ ಒಬ್ಬರೇ. ಹಾಗಾಗಿ ಬಣ್ಣಗಳನ್ನು ಕೂಡಿಸಿ ಸೈಜಿನಂತೆ ಮಾತ್ರ ಒಡೆದೆವು. ಎಸ್ 60 ಹೋಗಿ 9 ಬಂದಿತ್ತು. ಎಂ 140ಕ್ಕೆ 20. ಎಲ್ 150ಕ್ಕೆ 39. ಎಕ್ಸ್‌ಎಲ್ 90ಕ್ಕೆ 34. ಡಬಲ್ ಎಕ್ಸ್‌ಎಲ್ 40ಕ್ಕೆ 18. ಶೇಕಡಾ ಲೆಕ್ಕದಲ್ಲಿ 15, 14, 26, 38, 45. ಎಂ ದಾಟಿದ ಮೇಲೆ ಒಂದೊಂದೇ ಮೆಟ್ಟಿಲು ಮೇಲೇರುತ್ತ ಹೋಗಿದೆ. ಡಬಲ್ ಎಕ್ಸ್‌ಎಲ್‌ನ 40 ಪೀಸು ಒಂದನ್ನೇ ನೋಡಿದ್ದರೆ ನಾನು ಅಷ್ಟು ನಂಬುತ್ತಿರಲಿಲ್ಲ. ಮೂರು ಸೈಜು ಸಾಲಾಗಿ ಒಂದೇ ದಿಕ್ಕಿಗೆ ಏರಿದ್ದು ನೋಡಿದ ಮೇಲೆ ಕಾಕತಾಳೀಯ ಎನ್ನಲು ಬಾಯಿ ಬರಲಿಲ್ಲ.

ವಾಪಸ್ ಮಾಡುವಾಗ ಗಿರಾಕಿ ಒಂದು ಕಾರಣ ಆರಿಸಬೇಕಲ್ಲ, ಆ ಪಟ್ಟಿಯನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ಮನಸ್ಸು ಬದಲಾದವರೂ ‘ಸೈಜ್ ಸರಿಯಿಲ್ಲ’ ಎಂದು ಒತ್ತುತ್ತಾರೆ, ಬೇಗ ಮುಗಿಯುತ್ತದೆ ಎಂದು. ಎಲ್ ಮತ್ತು ಎಕ್ಸ್‌ಎಲ್ ಎರಡನ್ನೂ ತರಿಸಿ ಒಂದನ್ನು ಇಟ್ಟುಕೊಂಡವರೂ ಅದನ್ನೇ ಒತ್ತುತ್ತಾರೆ. ಅಂಥವರನ್ನು ಹುಡುಕುವುದು ಸುಲಭ. ಒಂದೇ ಗಿರಾಕಿ, ಒಂದೇ ದಿನ, ಒಂದೇ ಬಣ್ಣ, ಎರಡು ಸೈಜು. ಅವರನ್ನು ಬೈಯುವಂತೆಯೂ ಇಲ್ಲ, ನಿಮ್ಮ ಸೈಜ್ ಚಾರ್ಟು ನಂಬಿಕೆ ಬರುವಂತಿಲ್ಲ ಎಂದು ಅವರು ಹೇಳುತ್ತಿದ್ದಾರೆ ಅಷ್ಟೇ. ಹಾಗಾಗಿ ಕಾರಣದ ಪಟ್ಟಿ ಬಿಟ್ಟು, ಗಿರಾಕಿಗಳು ಕೆಳಗೆ ಬರೆದ ಎರಡು ಸಾಲು ಓದುತ್ತ ಹೋದೆವು. ಬದಲಿಗೆ ಯಾವ ಸೈಜು ತರಿಸಿಕೊಂಡರು ಎಂಬುದನ್ನೂ ಗುರುತು ಹಾಕಿಕೊಂಡೆವು.

ನೋಡಬೇಕಾದದ್ದು ದಿಕ್ಕು. ಎಸ್ ಮತ್ತು ಎಂನಲ್ಲಿ ಕೆಲವರಿಗೆ ಬಿಗಿ, ಕೆಲವರಿಗೆ ಸಡಿಲ. ಹಾಕಿ ನೋಡದೆ ಕೊಂಡಾಗ ಅಷ್ಟು ಇದ್ದದ್ದೇ. ಎಕ್ಸ್‌ಎಲ್‌ನಲ್ಲಿ ಬಂದ 34ರಲ್ಲಿ 27 ಬಿಗಿ, ಸಡಿಲ ಎಂದವರು ಇಬ್ಬರೇ. ದೂರು ಎರಡೂ ಕಡೆ ಹರಡಿದ್ದರೆ ಜನರ ಮೈಯಲ್ಲಿರುವ ವ್ಯತ್ಯಾಸ, ಒಂದೇ ಕಡೆ ವಾಲಿದ್ದರೆ ನಮ್ಮ ಬಟ್ಟೆಯ ತಪ್ಪು. ಇನ್ನೊಂದು ಮಾತು ಮತ್ತೆ ಮತ್ತೆ ಬಂದಿತ್ತು: ‘ತೋಳು ಹಿಡಿಯುತ್ತದೆ.’

ವೈನಿ ರ‍್ಯಾಕಿನಿಂದ ಪ್ರತಿ ಸೈಜಿನ ಐದೈದು ಕುರ್ತಾ ಇಳಿಸಿದರು. ಹಾಸಿಗೆಯ ಮೇಲೆ ಹಾಸಿ, ಕಂಕುಳಿಂದ ಕಂಕುಳಿಗೆ ಟೇಪು ಹಿಡಿದು ಎರಡು ಪಟ್ಟು ಮಾಡಿದೆವು. ಎಂ ಕುರ್ತಾದ ಎದೆಸುತ್ತಳತೆ 41 ಇಂಚು. ಎಲ್ 42 ಮುಕ್ಕಾಲೂ ಇಲ್ಲ, 42 ಅರೆ. ಎಕ್ಸ್‌ಎಲ್ 44. ಡಬಲ್ ಎಕ್ಸ್‌ಎಲ್ 45 ಅರೆ. ಚಾರ್ಟಿನಲ್ಲಿ ಕೊಟ್ಟದ್ದು ಮೈಯ ಅಳತೆ: ಎಂ ಎಂದರೆ 38, ಎಲ್ 40, ಎಕ್ಸ್‌ಎಲ್ 42, ಡಬಲ್ ಎಕ್ಸ್‌ಎಲ್ 44. ಮೈ ಎರಡೆರಡು ಇಂಚು ಬೆಳೆಯುತ್ತಿದೆ, ಕುರ್ತಾ ಒಂದೂವರೆ ಇಂಚು ಬೆಳೆಯುತ್ತಿದೆ. ಮೈಗೂ ಬಟ್ಟೆಗೂ ನಡುವೆ ಉಸಿರಾಡಲು ಬಿಡುವ ಸಡಿಲ ಎಂನಲ್ಲಿ ಮೂರು ಇಂಚಿದ್ದದ್ದು ಡಬಲ್ ಎಕ್ಸ್‌ಎಲ್‌ಗೆ ಬರುವಷ್ಟರಲ್ಲಿ ಒಂದೂವರೆಗೆ ಇಳಿದಿದೆ. ಖಣ ಹಿಗ್ಗುವ ಬಟ್ಟೆಯಲ್ಲ. ಇನ್ನು ತೋಳು. ಎಂನಿಂದ ಡಬಲ್ ಎಕ್ಸ್‌ಎಲ್‌ಗೆ ಎದೆಯ ಲೆಕ್ಕದಲ್ಲಿ ಮೈ ಆರು ಇಂಚು ದೊಡ್ಡದಾದರೂ ತೋಳಿನ ಸುತ್ತಳತೆ 14 ಇದ್ದದ್ದು 14 ಅರೆ ಆಗಿತ್ತು. ಅರ್ಧ ಇಂಚು!

ನಮ್ಮಲ್ಲಿ ಎಲ್ ಎಂದರೆ ಇಷ್ಟೇ ಇಂಚು ಎಂದು ಎಲ್ಲರೂ ಒಪ್ಪಿದ ಅಳತೆ ಚಾಲ್ತಿಯಲ್ಲಿಲ್ಲ. ಅಮೆರಿಕದ, ಇಂಗ್ಲೆಂಡಿನ ಚಾರ್ಟುಗಳನ್ನು ತಿದ್ದಿ ತೀಡಿ ಬಳಸಿಕೊಂಡೇ ಬಂದವರು ನಾವು. ನಿಫ್ಟ್ ಸಂಸ್ಥೆ ಇಂಡಿಯಾಸೈಜ್ ಎಂಬ ಯೋಜನೆ ಹಿಡಿದು, ಮುಂಬಯಿ, ಬೆಂಗಳೂರು ಸೇರಿ ಆರು ಊರುಗಳಲ್ಲಿ 25 ಸಾವಿರಕ್ಕೂ ಹೆಚ್ಚು ಜನರ ಮೈಯನ್ನು ಸ್ಕ್ಯಾನರ್‌ನಿಂದ ಅಳೆಯಲು ಹೊರಟದ್ದು ಇದೇ ಕಾರಣಕ್ಕೆ. ಆದರೆ ವೈನಿಯ ತೊಂದರೆ ಅಷ್ಟು ದೊಡ್ಡದಲ್ಲ. ಅವರ ಕುರ್ತಾ ಅವರದೇ ಚಾರ್ಟಿಗೆ ಹೊಂದುತ್ತಿರಲಿಲ್ಲ.

ಮುಂದಿನ ಶನಿವಾರ ಉಲ್ಲಾಸನಗರಕ್ಕೆ ಹೋದೆವು. ಮಾಸ್ಟರ್ ಮೂವತ್ತು ವರ್ಷದ ಅನುಭವಿ. ಅಳತೆ ತೋರಿಸಿದಾಗ ವಾದಿಸಲಿಲ್ಲ, ನಕ್ಕರು. ಖಣದ ಅಗಲ, ಅವರ ಮಾತಿನಲ್ಲಿ ಪನ್ನಾ, ಕಡಿಮೆ. ಮೈಯ ಭಾಗ ಕತ್ತರಿಸಿದ ಮೇಲೆ ಪಕ್ಕದಲ್ಲಿ ಉಳಿಯುವ ಪಟ್ಟಿಯಲ್ಲಿ ತೋಳು ತೆಗೆಯಬೇಕು. ಸೈಜು ದೊಡ್ಡದಾದಂತೆ ಆ ಪಟ್ಟಿ ಸಣ್ಣದಾಗುತ್ತದೆ. ಸರಿಯಾಗಿ ಎರಡೆರಡು ಇಂಚು ಏರಿಸಿ ತೋಳನ್ನೂ ಬೆಳೆಸಿದರೆ ಡಬಲ್ ಎಕ್ಸ್‌ಎಲ್‌ಗೆ ಕಾಲು ಮೀಟರ್ ಬಟ್ಟೆ ಹೆಚ್ಚು ಬೇಕು. ‘ಮೇಡಂ ಬಟ್ಟೆ ಉಳಿಸಿ ಅಂದಿದ್ದರು, ಉಳಿಸಿದೆ’ ಅಂದರು. ವೈನಿ ಮಾತಾಡಲಿಲ್ಲ.

ಕಾಲು ಮೀಟರ್ ಖಣಕ್ಕೆ ಅರವತ್ತು ರೂಪಾಯಿ. ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಲೆಕ್ಕ ಹಾಕಿದೆವು. ಒಂದು ಕುರ್ತಾ ಉಳಿದರೆ ವೈನಿಗೆ 240 ರೂಪಾಯಿ ಲಾಭ. ಒಂದು ತಿರುಗಿ ಬಂದರೆ ಹೋಗುವ ಕೊರಿಯರ್ 80, ಬರುವ ಕೊರಿಯರ್ 110, ಪೆಟ್ಟಿಗೆ 15, ಮತ್ತೆ ಇಸ್ತ್ರಿ 20, ಒಟ್ಟು 225 ನಷ್ಟ. ಹೋದ 40 ಡಬಲ್ ಎಕ್ಸ್‌ಎಲ್‌ಗಳಲ್ಲಿ ಉಳಿದ 22ರ ಲಾಭ 5,280, ತಿರುಗಿದ 18ರ ನಷ್ಟ 4,050. ಮೂರು ತಿಂಗಳ ದುಡಿಮೆಗೆ ಆ ಸೈಜಿನಲ್ಲಿ ಸಿಕ್ಕಿದ್ದು 1,230 ರೂಪಾಯಿ. ರಿಟರ್ನಿನ ನಷ್ಟವನ್ನು ನಲವತ್ತಕ್ಕೂ ಹಂಚಿದರೆ ಪ್ರತಿ ಪೀಸಿಗೆ ನೂರು ರೂಪಾಯಿ ಚಿಲ್ಲರೆ. ಅರವತ್ತು ಉಳಿಸಲು ನೂರು ಕಳೆದಿದ್ದರು.

ಹೊಸ ಪ್ಯಾಟರ್ನ್ ಬರಲು ತಿಂಗಳು ಬೇಕಿತ್ತು. ಅಷ್ಟರಲ್ಲಿ ಚಾರ್ಟನ್ನಾದರೂ ತಿದ್ದೋಣವೆಂದು ನಾನೊಂದು ಸಲಹೆ ಕೊಟ್ಟೆ. ಮೈಯ ಅಳತೆ ತೆಗೆದು, ಕುರ್ತಾದ ನಿಜವಾದ ಅಳತೆ ಹಾಕಿ ಎಂದೆ. ಎಂ 41, ಎಲ್ 42 ಅರೆ, ಹೀಗೆ. ಸುಳ್ಳೇನಲ್ಲವಲ್ಲ. ಮೂರು ವಾರದಲ್ಲಿ ಎಲ್ಲ ಸೈಜಿನ ರಿಟರ್ನೂ ಏರಿತು, ಅಲ್ಲಿಯವರೆಗೆ ಗಟ್ಟಿಯಾಗಿದ್ದ ಎಂ ಕೂಡ. 41 ಇಂಚಿನ ಮೈಯವರು 41 ಎಂದು ನೋಡಿ ಎಂ ತರಿಸಿಕೊಂಡಿದ್ದರು. ಒಬ್ಬರು ಬರೆದಿದ್ದರು, ‘ಅಳತೆ ಹೇಳಿದಷ್ಟೇ ಇದೆ, ಆದರೆ ಹಾಕಿಕೊಂಡು ಕೂರಲು ಆಗುವುದಿಲ್ಲ.’ ಹನ್ನೆರಡು ವರ್ಷ ರಿಟರ್ನ್ ಪೆಟ್ಟಿಗೆ ಎಣಿಸಿದವನು ನಾನು, ಈ ತಪ್ಪು ಮಾಡಬಾರದಿತ್ತು. ಈಗ ಚಾರ್ಟಿನಲ್ಲಿ ಎರಡು ಕಾಲಂ ಇದೆ. ‘ನಿಮ್ಮ ಎದೆಸುತ್ತಳತೆ ಇಷ್ಟಿದ್ದರೆ’ ಒಂದು, ‘ಕುರ್ತಾದ ಅಳತೆ ಇಷ್ಟು’ ಇನ್ನೊಂದು. ಮೂರನೆಯದಾಗಿ ತೋಳಿನ ಸುತ್ತಳತೆ. ಪಕ್ಕದಲ್ಲಿ ಕುರ್ತಾದ ಮೇಲೆ ಟೇಪು ಹಿಡಿದ ಒಂದು ಫೋಟೋ.

ಹಳೆಯ ಮಾಲಿನಲ್ಲಿ ಡಬಲ್ ಎಕ್ಸ್‌ಎಲ್‌ಗಳಿಗೆ ಎಕ್ಸ್‌ಎಲ್ ಲೇಬಲ್ ಹಚ್ಚಿದರು. 45 ಅರೆ ಇಂಚು ಅದಕ್ಕೆ ಸರಿಹೊಂದುತ್ತದೆ. ಎಕ್ಸ್‌ಎಲ್ ಹಾಗೆಯೇ ಎಲ್ ಆಯಿತು. ಹಳೆಯ ಎಲ್‌ಗಳನ್ನು ಆನ್‌ಲೈನಿನಿಂದ ತೆಗೆದು ಕನ್ನಡ ಸಂಘದ ಕಾರ್ಯಕ್ರಮದ ಸ್ಟಾಲಿನಲ್ಲಿಟ್ಟರು. ಅಲ್ಲಿ ಹಾಕಿ ನೋಡಿಯೇ ಕೊಳ್ಳುತ್ತಾರೆ.

ಇನ್ನು ಸೀರೆ. ಸೀರೆಗೆ ಸೈಜಿಲ್ಲ, ಆದ್ದರಿಂದ ಸೀರೆ ತಿರುಗಿ ಬಂದರೆ ಅನುಮಾನ ನೇರವಾಗಿ ಲಿಸ್ಟಿಂಗಿನ ಮೇಲೆ, ಅಂದರೆ ನಾವು ಹಾಕಿದ ಫೋಟೋ ಮತ್ತು ಬರೆದ ವಿವರದ ಮೇಲೆ ಹೋಗಬೇಕು. 42 ಸೀರೆಗಳಲ್ಲಿ 13 ಬಣ್ಣ ಬೇರೆ ಎಂದು ಬಂದಿದ್ದವು, ಅದರಲ್ಲೂ 10 ದಾಳಿಂಬ್ರಿ ಕೆಂಪಿನವು. ಫೋಟೋದಲ್ಲಿ ಸೀರೆಯ ಹಿಂದಿನ ಬಿಳಿ ಗೋಡೆ ಬೆಣ್ಣೆ ಬಣ್ಣಕ್ಕೆ ತಿರುಗಿದ್ದು ನೋಡಿದಾಗಲೇ ಗೊತ್ತಾಯಿತು. ಸಂಜೆ, ಹಳದಿ ದೀಪದ ಕೆಳಗೆ ತೆಗೆದದ್ದು. ಗೋಡೆ ಬಿಳಿಯಾಗಿ ಕಾಣದ ಫೋಟೋದಲ್ಲಿ ಸೀರೆಯ ಬಣ್ಣವೂ ನಿಜವಿರುವುದಿಲ್ಲ. ಬೆಳಗಿನ ಬೆಳಕಿನಲ್ಲಿ ಕಿಟಕಿ ಪಕ್ಕ ಮತ್ತೆ ತೆಗೆದರು, ಮುಗಿಯಿತು.

ನನಗೆ ಹೆಚ್ಚು ಹಿಡಿಸಿದ್ದು ಉಳಿದವುಗಳಲ್ಲಿ 17ರ ಕಥೆ. ಅವರೆಲ್ಲ ‘ಸಾಮಾನು ಕಡಿಮೆ ಬಂದಿದೆ’ ಎಂದು ಒತ್ತಿದ್ದರು. ವೈನಿಗೆ ಕೊರಿಯರಿನವರ ಮೇಲೆ ಸಂಶಯ. ತೂಕ ನೋಡಿದರೆ ಪೆಟ್ಟಿಗೆ ಸರಿಯಿದೆ. ಆಮೇಲೆ ಪಿನ್‌ಕೋಡ್ ಹಚ್ಚಿ ನೋಡಿದೆ. ಹದಿನೇಳರಲ್ಲಿ ಹದಿನೈದು ದಿಲ್ಲಿ, ಚೆನ್ನೈ, ಲಖನೌ, ಕೋಲ್ಕತ್ತಾ ಕಡೆಯವು. ಮಹಾರಾಷ್ಟ್ರ, ಕರ್ನಾಟಕದವು ಎರಡೇ. ಹುಬ್ಬಳ್ಳಿಗೆ, ಸೊಲ್ಲಾಪುರಕ್ಕೆ ಹೋದ ಅದೇ ಸೀರೆಗೆ ಸಾಮಾನು ಕಡಿಮೆಯಾಗದೆ ದಿಲ್ಲಿಗೆ ಹೋದದ್ದಕ್ಕೆ ಯಾಕೆ ಕಡಿಮೆಯಾಯಿತು?

ಫೋಟೋದಲ್ಲಿ ಹುಡುಗಿ ಇಳಕಲ್ ಸೀರೆ ಉಟ್ಟು ಖಣದ ಕುಪ್ಪಸ ತೊಟ್ಟಿದ್ದಾಳೆ. ನಮಗೆ ಅದು ಹಾಗೇ ಇರಬೇಕಾದ್ದು. ಇಳಕಲ್ ಸೀರೆಗೆ ಕುಪ್ಪಸದ ಬಟ್ಟೆ ಜೊತೆಗೆ ಬರುವುದಿಲ್ಲ, ಖಣ ಬೇರೆ ಕೊಳ್ಳಬೇಕು ಎಂದು ಅಜ್ಜಿಯ ಕಾಲದಿಂದ ಗೊತ್ತು. ದಿಲ್ಲಿಯವರಿಗೆ ಸೀರೆ ಎಂದರೆ ಬ್ಲೌಸ್ ಪೀಸು ತುದಿಗೆ ಅಂಟಿಕೊಂಡೇ ಬರುವ ವಸ್ತು. ಅವರು ಮೋಸವಾಯಿತು ಎಂದುಕೊಂಡದ್ದರಲ್ಲಿ ತಪ್ಪೇನಿದೆ? ವಿವರದಲ್ಲಿ ಬ್ಲೌಸ್ ಇದೆ ಎಂದು ವೈನಿ ಬರೆದಿರಲಿಲ್ಲ, ಇಲ್ಲ ಎಂದೂ ಬರೆದಿರಲಿಲ್ಲ. ಅದೇ ವಿವರದಲ್ಲಿ ‘ರೇಷ್ಮೆ ಸೆರಗು’ ಎಂದೂ ಇತ್ತು, ಸೆರಗು ಕೃತಕ ರೇಷ್ಮೆಯದು. ಅದನ್ನು ನಾನೇ ಗದರಿ ತೆಗೆಸಿದೆ. ಜಾಹೀರು ಮಾಡಿದ ಗುಣ ವಸ್ತುವಿನಲ್ಲಿ ಇಲ್ಲದಿದ್ದರೆ ವಾಪಸ್ ತೆಗೆದುಕೊಳ್ಳಲು ಮಾರುವವರು ನಿರಾಕರಿಸುವಂತಿಲ್ಲ ಎಂದು 2020ರ ಇ-ಕಾಮರ್ಸ್ ನಿಯಮಗಳೇ ಹೇಳುತ್ತವೆ. ಗಿರಾಕಿ ದೂರು ಕೊಟ್ಟರೆ ನಮ್ಮ ಹತ್ತಿರ ಉತ್ತರವಿರುವುದಿಲ್ಲ.

ಈಗ ಎರಡನೇ ಫೋಟೋದಲ್ಲಿ ಪೆಟ್ಟಿಗೆಯೊಳಗೆ ಇರುವುದಷ್ಟನ್ನೇ, ಮಡಚಿದ ಒಂದು ಸೀರೆಯನ್ನೇ ತೋರಿಸಿದ್ದಾರೆ. ‘ಕುಪ್ಪಸದ ಬಟ್ಟೆ ಇಲ್ಲ, ಖಣ ಬೇಕಿದ್ದರೆ ಇಲ್ಲಿ ಒತ್ತಿ’ ಎಂದು ಬರೆದಿದ್ದಾರೆ. ದಿಲ್ಲಿಯಿಂದ ಖಣಕ್ಕೂ ಆರ್ಡರ್ ಬರುತ್ತಿದೆ.

ಒಂದು ವಿಷಯವನ್ನು ರಿಟರ್ನ್ ಶೀಟು ತೋರಿಸುವುದೇ ಇಲ್ಲ. ಬಟ್ಟೆ ಒಗೆದ ಮೇಲೆ ಕುಗ್ಗಿದರೆ, ಬಣ್ಣ ಬಿಟ್ಟರೆ, ಅಷ್ಟರಲ್ಲಿ ವಾಪಸ್ ಮಾಡುವ ದಿನ ಮುಗಿದಿರುತ್ತದೆ. ಆ ದೂರು ಒಂದು ತಿಂಗಳ ನಂತರ ರಿವ್ಯೂನಲ್ಲಿ ಒಂದು ಸ್ಟಾರ್ ಆಗಿ ಬರುತ್ತದೆ. ವೈನಿಯ ಎಸ್ ಸೈಜಿನ ಕೆಳಗೆ ಅಂಥ ಎರಡು ರಿವ್ಯೂ ಕಂಡವು. ರಿಟರ್ನ್ ಕಡಿಮೆಯಿದೆ ಎಂದು ಎಸ್ ಬಗ್ಗೆ ನಿಶ್ಚಿಂತೆಯಾಗಿದ್ದೆವು. ಈಗ ಹೊಲಿಯುವ ಮೊದಲು ಖಣವನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಲು ಹೇಳಿದ್ದಾರೆ. ಮಾಸ್ಟರ್ ಗೊಣಗಿದರಂತೆ.

ಹೊಸ ಪ್ಯಾಟರ್ನಿನ ಕುರ್ತಾ ಜೂನ್‌ನಲ್ಲಿ ಬಂತು. ಆರು ವಾರ ಕಳೆದು, ವಾಪಸ್ ಅವಧಿಯೂ ಮುಗಿದ ಮೇಲೆ ಎಣಿಸಿದೆವು. ಎಲ್ 52 ಹೋಗಿ 9 ಬಂದಿದೆ, ಎಕ್ಸ್‌ಎಲ್ 31ಕ್ಕೆ 5, ಡಬಲ್ ಎಕ್ಸ್‌ಎಲ್ 14ಕ್ಕೆ 3. ಅಂಕಿ ಸಣ್ಣದು, ನಾಲ್ಕು ತಿಂಗಳಾದರೂ ನೋಡಬೇಕು. ಆದರೆ ಮೆಟ್ಟಿಲು ಸವೆದಿದೆ. ಶೇಕಡಾ 15ಕ್ಕಿಂತ ಕೆಳಗೆ ಇಳಿಯುತ್ತದೆ ಎಂಬ ಆಸೆ ನನಗಿಲ್ಲ, ಹಾಕಿ ನೋಡದೆ ಕೊಳ್ಳುವ ಬಟ್ಟೆಯಲ್ಲಿ ಅಷ್ಟು ಹೋಗುತ್ತದೆ. ಅರವತ್ತು ರೂಪಾಯಿ ಬಟ್ಟೆ ಹೆಚ್ಚು ಹಾಕಿಯೂ ಆ ಹದಿನಾಲ್ಕು ಡಬಲ್ ಎಕ್ಸ್‌ಎಲ್‌ಗಳಿಂದ ಉಳಿದದ್ದು 1,305 ರೂಪಾಯಿ. ಮೊದಲು ನಲವತ್ತು ಕಳಿಸಿದರೂ ಇಷ್ಟು ಉಳಿದಿರಲಿಲ್ಲ.

ಮೊನ್ನೆ ಲಿಫ್ಟಿನಲ್ಲಿ ವೈನಿ ಸಿಕ್ಕರು, ಕೈಯಲ್ಲಿ ಒಂದೇ ಪೆಟ್ಟಿಗೆ. ‘ತಿರುಗಿ ಬಂದದ್ದೇನ್ರಿ?’ ಎಂದೆ. ‘ಹೂಂ. ಈ ಸಲ ಸಡ್ಲ ಆತಂತ’ ಅಂದರು.